ಇನ್ನೂರ ಹನ್ನೆರಡು ಮಾತು

ನಮ್ಮ ದೊಡ್ಡಮ್ಮನನ್ನು ಬೀದಿಯವರೆಲ್ಲ ರೇಡಿಯೋ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ಯಾರಾದರೂ "ರೇಡಿಯೋ, ನನ್ನ ಪ್ಯಾಂಟ್ ಆಯ್ತಾ?" ಎಂದು ಕೇಳಿದರೆ ಒಳಗಿನಿಂದ ಉತ್ತರ ಹೊರಬೀಳುತ್ತಿತ್ತು. "ಪ್ಯಾಂಟ್ ಆಯ್ತು. ಜೇಬಲ್ಲಿ ಎರಡು ಸಿನಿಮಾ ಟಿಕೆಟ್ ಇತ್ತು. ಒಂದು ನಿಮ್ದು, ಇನ್ನೊಂದು ಯಾರ್ದು ಅಂತ ನಾನೇನೂ ಕೇಳಲ್ಲಪ್ಪ!"

ಅದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಮುಂದೆ ಕೌಂಟರ್, ಹಿಂದೆ ಎರಡು ವಾಷಿಂಗ್ ಮೆಷಿನ್, ಪಕ್ಕದಲ್ಲಿ ಇಸ್ತ್ರಿ ಮೇಜು. ಬಟ್ಟೆ ಬಂದ ಕೂಡಲೇ ಕಾಲರಿನ ಒಳಗೆ ನಂಬರ್ ಬರೆದ ಬಟ್ಟೆಯ ಚೂರನ್ನು ಪಿನ್ ಮಾಡಬೇಕು. ಇಸ್ತ್ರಿ ದೊಡ್ಡಪ್ಪನದು, ಮಾತು ದೊಡ್ಡಮ್ಮನದು. ದೊಡ್ಡಪ್ಪ ಇಡೀ ದಿನಕ್ಕೆ ಹತ್ತು ವಾಕ್ಯ ಆಡಿದರೆ ಹೆಚ್ಚು. "ನನ್ನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸ್ತಾಳೆ. ನನಗೇನು ಉಳೀತು?" ಎನ್ನುತ್ತಿದ್ದರು. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಇವರ ಮನೆಗೆ ಬಂದೆ. ಬಟ್ಟೆ ಮಡಚುವುದು, ನಂಬರ್ ಪಿನ್ ಮಾಡುವುದು ನನ್ನ ಕೆಲಸ. ಗಿರಾಕಿಗಳ ಜೊತೆ ಮಾತಾಡಲು ನನಗೆ ಬಾಯಿ ಬರುತ್ತಿರಲಿಲ್ಲ. ದೊಡ್ಡಮ್ಮ ಅದಕ್ಕಾಗಿ ಒಂದು ದಿನವೂ ನನ್ನನ್ನು ಬೈಯಲಿಲ್ಲ. "ನಿಂಗೆ ಬೇಕಾದಾಗ ಆಡು ಮರಿ. ಅಲ್ಲೀವರೆಗೂ ನಾನಿದೀನಲ್ಲ" ಎಂದಿದ್ದಳು.

ಎರಡು ವರ್ಷದ ಹಿಂದೆ ಅವಳ ದನಿ ಒಡೆಯಿತು. ಶೀತ ಎಂದುಕೊಂಡೆವು. ಎರಡು ತಿಂಗಳಾದರೂ ಬಿಡದೆ ಹೋದಾಗ ಆಸ್ಪತ್ರೆಗೆ ಹೋದೆವು. ಗಂಟಲಿನಲ್ಲಿ ಗಡ್ಡೆ ಇತ್ತು. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಕುತ್ತಿಗೆಯಲ್ಲಿ ಮಾಡುವ ತೂತಿನಿಂದ ಉಸಿರಾಡಬೇಕು, ಈಗಿನ ದನಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ದೊಡ್ಡಪ್ಪ ಕುರ್ಚಿಯ ಕೈ ಹಿಡಿದುಕೊಂಡರು. ದೊಡ್ಡಮ್ಮ ಮಾತ್ರ, "ಅಂದ್ರೆ ಇವ್ರಿಗೆ ಕೊನೆಗೂ ಮಾತಾಡೋ ಚಾನ್ಸ್ ಸಿಗುತ್ತೆ ಅನ್ನಿ" ಎಂದಳು. ಡಾಕ್ಟರಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಆಪರೇಷನ್‌ಗೆ ಮೂರು ವಾರ ಇತ್ತು. ಅದೇ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಒಬ್ಬರು ಒಂದು ಆ್ಯಪ್ ತೋರಿಸಿದರು. ಅದರಲ್ಲಿ ನಮ್ಮ ದನಿಯಲ್ಲಿ ಒಂದೊಂದು ಮಾತನ್ನು ರೆಕಾರ್ಡ್ ಮಾಡಿ, ಮೇಲೆ ಹೆಸರು ಬರೆದು ಇಟ್ಟುಕೊಳ್ಳಬಹುದು. ಆಮೇಲೆ ಆ ಬಟನ್ ಒತ್ತಿದರೆ ಮಾತು ನಮ್ಮದೇ ದನಿಯಲ್ಲಿ ಕೇಳುತ್ತದೆ. ದೊಡ್ಡಮ್ಮ ಒಂದು ನೋಟ್‌ಬುಕ್ ತಂದು, ಮುಂದಿನ ಜನ್ಮಕ್ಕೆಲ್ಲ ಬೇಕಾಗುವಷ್ಟು ಮಾತುಗಳನ್ನು ಬರೆಯಲು ಕೂತಳು. ಅಂಗಡಿಯ ಮಾತು, ಮನೆಯ ಮಾತು, ಆಸ್ಪತ್ರೆಯ ಮಾತು, ತಮಾಷೆ ಎಂದು ನಾಲ್ಕು ಭಾಗ. "ನಾಳೆ ಸಂಜೆ ಬನ್ನಿ." "ಈ ಕಲೆ ಹೋಗಲ್ಲ, ಸುಳ್ಳು ಹೇಳಲ್ಲ." "ಗುಂಡಿ ಕಿತ್ತಿದೆ, ಹಾಕಿಕೊಡ್ಲಾ?" "ರೀ, ಇಸ್ತ್ರಿ ಆಫ್ ಮಾಡಿದ್ರಾ?" "ಮರಿ, ತಿಂದ್ಯಾ?" ಒಟ್ಟು ಇನ್ನೂರ ಹನ್ನೆರಡು. ಒಡೆದ ದನಿಯಲ್ಲೇ ಎಲ್ಲವನ್ನೂ ರೆಕಾರ್ಡ್ ಮಾಡಿದಳು. ವಾಷಿಂಗ್ ಮೆಷಿನ್ ತಿರುಗದ ಹೊತ್ತು ನೋಡಿಕೊಂಡು ಮಾಡಬೇಕಿತ್ತು. ಆದರೂ ನಾಲ್ಕೈದು ಮಾತುಗಳ ಹಿಂದೆ ನೀರಿನ ಸದ್ದು ಇದೆ.

ಆಪರೇಷನ್ ಚೆನ್ನಾಗಿ ಆಯಿತು. ತಿಂಗಳ ಮೇಲೆ ಅವಳು ಕೌಂಟರ್‌ಗೆ ಬಂದು ಕೂತಳು. ಮೊದಲ ಗಿರಾಕಿ ಬಂದಾಗ ಬಟನ್ ಒತ್ತಿದಳು. "ನಾಳೆ ಸಂಜೆ ಬನ್ನಿ" ಎಂದು ಅವಳದೇ ದನಿ ಕೇಳಿ ಆ ಮನುಷ್ಯ ಅವಳ ಮುಖವನ್ನೂ ಫೋನನ್ನೂ ಎರಡೆರಡು ಸಲ ನೋಡಿ, "ಅಯ್ಯೋ, ರೇಡಿಯೋ ಇನ್ನೂ ಇದೆ!" ಎಂದರು. ಹೀಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಒಂದು ಬೆಳಿಗ್ಗೆ ಆ್ಯಪ್ ತೆರೆಯಲಿಲ್ಲ. ಚಿತ್ರ ಒತ್ತಿದರೆ ಒಂದು ಕ್ಷಣ ಏನೋ ಕಾಣಿಸಿ ಮುಚ್ಚಿಹೋಗುತ್ತಿತ್ತು. ಮತ್ತೆ ಒತ್ತಿದರೆ 'ಆ್ಯಪ್ ನಿಂತುಹೋಗುತ್ತಿದೆ' ಎಂಬ ಸಣ್ಣ ಪಟ್ಟಿ. ಹಿಂದಿನ ರಾತ್ರಿ ಫೋನನ್ನು ಚಾರ್ಜಿಗೆ ಹಾಕಿದ್ದಾಗ ಆ್ಯಪ್‌ನ ಹೊಸ ಆವೃತ್ತಿ ತಾನಾಗಿಯೇ ಬಂದು ಕೂತಿತ್ತು. ಫೋನ್ ಆಫ್ ಮಾಡಿ ಆನ್ ಮಾಡಿದೆವು. ಏನೂ ಬದಲಾಗಲಿಲ್ಲ.

ಅಷ್ಟರಲ್ಲಿ ಗಿರಾಕಿಗಳು ಬರತೊಡಗಿದರು. ದೊಡ್ಡಮ್ಮ ಚಿಕ್ಕ ಬಿಳಿ ಹಲಗೆಯ ಮೇಲೆ ಪೆನ್ನಿನಿಂದ ಬರೆದು ತೋರಿಸಿದಳು. ಮಾತಾಡದವಳಿಗೆ ಕಿವಿಯೂ ಕೇಳುವುದಿಲ್ಲ ಎಂದುಕೊಂಡು ಒಬ್ಬರು ಗಂಟಲು ಹರಿಯುವ ಹಾಗೆ "ನೀಲಿ ಶರ್ಟ್! ನೀಲಿ!" ಎಂದು ಕೂಗಿದರು. ದೊಡ್ಡಮ್ಮ 'ಬಣ್ಣ ಕಿವಿಗೂ ಕಂಡಿತು' ಎಂದು ಬರೆದಳು. ಅವರಿಗೆ ಓದಲು ಕನ್ನಡಕ ಸಿಗುವಷ್ಟರಲ್ಲಿ ಜೋಕು ಹಳಸಿತ್ತು. ಆ ಮೇಲೆ ಅವಳು ಬರೆಯುವುದನ್ನೇ ಬಿಟ್ಟು ನಂಬರ್ ಮಾತ್ರ ತೋರಿಸತೊಡಗಿದಳು. ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ನಾವಿಬ್ಬರೂ ಎದುರಿನ ಮೊಬೈಲ್ ಅಂಗಡಿಗೆ ಹೋದೆವು. ಅಲ್ಲಿಯವನು ಒಳ್ಳೆಯವನು, ಕೈ ಮಾತ್ರ ತುಂಬ ಚುರುಕು. ಫೋನ್ ತೆಗೆದುಕೊಂಡು ಒಮ್ಮೆ ನೋಡಿ, "ಇಷ್ಟೇನಾ? ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ರೆ ಆಯ್ತು. ಎರಡು ನಿಮಿಷ" ಎಂದ. ಅವನ ಬೆರಳು ಆ್ಯಪ್‌ನ ಚಿತ್ರದ ಮೇಲಿತ್ತು. 'ಅನ್‌ಇನ್‌ಸ್ಟಾಲ್' ಎಂಬ ಪಟ್ಟಿಯೂ ತೆರೆದಿತ್ತು.

ನಾನು "ಬೇಡ" ಎಂದೆ. ಅಷ್ಟು ಜೋರಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ.

"ಯಾಕಮ್ಮ? ಎಲ್ಲಾರ್ಗೂ ಹೀಗೇ ಮಾಡಿಕೊಡೋದು."

"ಒಳಗಿರೋ ದನಿ?"

"ಅದು ಅವ್ರ ಕಂಪ್ಯೂಟರ್‌ನಲ್ಲಿ ಇರುತ್ತೆ. ವಾಪಸ್ ಬರುತ್ತೆ."

"ಬರ್ದೇ ಹೋದ್ರೆ?"

ಅವನು ತಲೆ ಕೆರೆದುಕೊಂಡ. ದೊಡ್ಡಮ್ಮ ಕೈ ಚಾಚಿ ಫೋನನ್ನು ಅವನ ಬೆರಳಿನ ಕೆಳಗಿನಿಂದ ಎಳೆದುಕೊಂಡಳು. ಆ್ಯಪ್‌ನಲ್ಲಿ 'ಪ್ರತಿ ತೆಗೆದಿಡಿ' ಎಂಬ ಒಂದು ಬಟನ್ ಇತ್ತು. ಒಂದು ವರ್ಷದಲ್ಲಿ ನಾವು ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಇನ್ನೂರ ಹನ್ನೆರಡು ಮಾತು ಇದ್ದದ್ದು ಆ ಒಂದು ಫೋನಿನಲ್ಲಿ ಮಾತ್ರ. ಹೋದರೆ, ಇನ್ನೊಮ್ಮೆ ರೆಕಾರ್ಡ್ ಮಾಡಲು ಆ ಗಂಟಲಿಲ್ಲ.

ಆ್ಯಪ್ ಸಿಗುವ ಪುಟದ ಕೊನೆಯಲ್ಲಿ ನೆರವು ತಂಡದ ಇಮೇಲ್ ವಿಳಾಸ ಇತ್ತು. 'ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ' ಎಂದೂ ಇತ್ತು. ನಾನು ಬರೆದ ಮೊದಲ ಪತ್ರ ಇಷ್ಟೇ: 'ಆ್ಯಪ್ ಕೆಲಸ ಮಾಡುತ್ತಿಲ್ಲ. ದಯವಿಟ್ಟು ಬೇಗ ಸರಿಮಾಡಿ. ನಮಗೆ ತುಂಬಾ ಮುಖ್ಯ.' ನಿಮಿಷದೊಳಗೆ ಯಂತ್ರದ ಉತ್ತರ ಬಂತು, ಒಂದು ನಂಬರ್ ಸಮೇತ. ನಿಜವಾದ ಉತ್ತರ ಸಂಜೆ ನಾಲ್ಕಕ್ಕೆ ಬಂತು.

'ನಿಮ್ಮ ಪತ್ರ ಪೂರ್ತಿ ಓದಿದೆ' ಎಂದು ಶುರುವಾಗಿತ್ತು. ಮೂರೇ ವಾಕ್ಯ ಇದ್ದದ್ದಕ್ಕೆ ನನಗೆ ನಾಚಿಕೆಯಾಯಿತು. 'ಮೊದಲನೆಯದಾಗಿ, ದಯವಿಟ್ಟು ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ಅಳಿಸುವ ಬಟನ್ ಒತ್ತಬೇಡಿ. ರೆಕಾರ್ಡ್ ಮಾಡಿದ್ದೆಲ್ಲ ಫೋನಿನಲ್ಲೇ, ಆ್ಯಪ್‌ನ ಒಳಗೇ ಇರುತ್ತದೆ. ನಮ್ಮ ಬಳಿ ಅದರ ಪ್ರತಿ ಇಲ್ಲ. ಆ್ಯಪ್ ಹೋದರೆ ಅದೂ ಹೋಗುತ್ತದೆ.' ಆಮೇಲೆ ಅವರು ಕೇಳಿದ್ದು: ಫೋನಿನ ಮಾದರಿ ಯಾವುದು, ಆಂಡ್ರಾಯ್ಡ್ ಆವೃತ್ತಿ ಎಷ್ಟು, ಆ್ಯಪ್‌ನ ಆವೃತ್ತಿ ಎಷ್ಟು, ಯಾವ ಯಾವ ಹೆಜ್ಜೆಗೆ ಏನಾಗುತ್ತದೆ, ಏನಾಗಬೇಕಿತ್ತು, ಸ್ಕ್ರೀನ್‌ಶಾಟ್ ಇದ್ದರೆ ಕಳಿಸಿ.

ಅದನ್ನು ನಾನು ದೊಡ್ಡಪ್ಪನಿಗೂ ದೊಡ್ಡಮ್ಮನಿಗೂ ಗಟ್ಟಿಯಾಗಿ ಓದಿದೆ. ದೊಡ್ಡಪ್ಪ ಇಸ್ತ್ರಿಯನ್ನು ನಿಲ್ಲಿಸಿಟ್ಟು, "ನಾಳೆ ನೀನು ಬಟ್ಟೆ ಮಡಚೋದು ಬೇಡ. ಇದನ್ನೇ ಮಾಡು" ಎಂದರು. ಅದು ಅವರ ಆ ದಿನದ ಏಳನೇ ವಾಕ್ಯವೋ ಎಂಟನೆಯದೋ ಇರಬೇಕು.

ಮರುದಿನ ಬೆಳಿಗ್ಗೆ ಮಡಚಿದ ಬೆಡ್‌ಶೀಟುಗಳ ನಡುವೆ ಕೂತು ಶುರುಮಾಡಿದೆ. ಫೋನಿನ ಹಿಂದೆ ಬರೆದ ಹೆಸರು ಅಳಿಸಿಹೋಗಿತ್ತು. ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಬಗ್ಗೆ' ಎಂಬಲ್ಲಿ ಮಾದರಿಯೂ ಆಂಡ್ರಾಯ್ಡ್ ಆವೃತ್ತಿಯೂ ಸಿಕ್ಕಿತು. ಆ್ಯಪ್‌ನ ಆವೃತ್ತಿ ನೋಡಲು ಆ್ಯಪೇ ತೆರೆಯುವುದಿಲ್ಲವಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ಅದರ ಪುಟದ ತೀರ ಕೆಳಗೆ 6.1.0 ಎಂದಿದ್ದುದನ್ನು ಬರೆದುಕೊಂಡೆ. ಅದೇ ಪುಟದ ಮೇಲ್ಭಾಗದಲ್ಲಿ ಅನ್‌ಇನ್‌ಸ್ಟಾಲ್ ಬಟನ್ ಇದೆ. ಹೆಬ್ಬೆರಳು ತಾಗೀತೆಂದು ದೊಡ್ಡಮ್ಮ ಅದರ ಮೇಲೆ, ಮುಟ್ಟದ ಹಾಗೆ, ಅಂಗೈ ಅಡ್ಡ ಹಿಡಿದು ನಿಂತಿದ್ದಳು. ಅಂಗೈ ಇಡೀ ಪರದೆಗೇ ಅಡ್ಡವಾಗಿ, ನನಗೆ ಓದಲು ಬೇಕಾದ್ದೂ ಅದರ ಕೆಳಗೇ ಇತ್ತು. "ದೊಡ್ಡಮ್ಮ, ಕೈ ಸ್ವಲ್ಪ ಸರ್ಸು" ಎಂದರೆ ಒಂದು ಬೆರಳು ಸರಿಸಿದಳು.

ಆಮೇಲೆ ಆ್ಯಪನ್ನು ಇಪ್ಪತ್ತು ಸಲ ತೆರೆದೆ. ಇಪ್ಪತ್ತು ಸಲವೂ ಮುಚ್ಚಿತು. ಪ್ರತಿ ಸಲ ಮುಚ್ಚುವ ಮುಂಚೆ ಒಂದು ಪಟ್ಟಿ ಕಂಡು ಮಾಯವಾಗುತ್ತಿತ್ತು. ಬಟನ್ ಒತ್ತಿ ಸ್ಕ್ರೀನ್‌ಶಾಟ್ ತೆಗೆಯುವಷ್ಟು ಹೊತ್ತು ಅದು ನಿಲ್ಲುತ್ತಿರಲಿಲ್ಲ. ಅದಕ್ಕೆ ಫೋನಿನ ಸ್ಕ್ರೀನ್ ರೆಕಾರ್ಡರ್ ಹಾಕಿ, ಆ್ಯಪ್ ತೆರೆದು, ಆಮೇಲೆ ಆ ವಿಡಿಯೋವನ್ನು ಬೇಕಾದ ಜಾಗದಲ್ಲಿ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದೆ. ಅದು 'ತಮಾಷೆ' ಭಾಗದ ಪಟ್ಟಿ. ಕೊನೆಯ ಸಲ ಯಾವ ಭಾಗದಲ್ಲಿದ್ದೆವೋ ಆ್ಯಪ್ ಅಲ್ಲಿಗೇ ತೆರೆಯುತ್ತದೆ. ಆ್ಯಪ್ ಕೆಡುವ ಹಿಂದಿನ ಸಂಜೆ ದೊಡ್ಡಮ್ಮ ದೊಡ್ಡಪ್ಪನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು, ಹಾಗಾಗಿ ಅದು ತಮಾಷೆಯಲ್ಲೇ ನಿಂತಿತ್ತು.

ಪತ್ರದಲ್ಲಿ ಎಲ್ಲವನ್ನೂ ಬರೆದೆ. 'ಹೆಜ್ಜೆ ಒಂದು: ಆ್ಯಪ್‌ನ ಚಿತ್ರ ಒತ್ತಿದೆ. ಹೆಜ್ಜೆ ಎರಡು: ತಮಾಷೆ ಭಾಗದ ಪಟ್ಟಿ ಸುಮಾರು ಒಂದು ಸೆಕೆಂಡ್ ಕಾಣಿಸಿತು. ಹೆಜ್ಜೆ ಮೂರು: ನಾನು ಏನನ್ನೂ ಒತ್ತಲಿಲ್ಲ, ಆದರೂ ಮುಚ್ಚಿತು. ಇಪ್ಪತ್ತರಲ್ಲಿ ಇಪ್ಪತ್ತು ಸಲ. ಆಗಬೇಕಿದ್ದದ್ದು: ಪಟ್ಟಿ ನಿಲ್ಲಬೇಕು, ಬಟನ್ ಒತ್ತಿದರೆ ನಮ್ಮ ದೊಡ್ಡಮ್ಮನ ದನಿ ಕೇಳಬೇಕು.' ಅವರಿಗೆ ಅನುಕೂಲವಾಗಲಿ ಎಂದು ನೋಟ್‌ಬುಕ್ ನೋಡಿ ಆ ಭಾಗದ ಹನ್ನೊಂದು ಮಾತನ್ನೂ ಕ್ರಮವಾಗಿ ಬರೆದೆ. ಎರಡು ಸ್ಕ್ರೀನ್‌ಶಾಟ್, ಒಂದು ವಿಡಿಯೋ ಸೇರಿಸಿದೆ. ನಾಲ್ಕು ಸಲ ಓದಿ, ಹತ್ತೂವರೆಗೆ ಕಳಿಸಿದೆ.

ಹನ್ನೆರಡಕ್ಕೆ ಉತ್ತರ ಬಂತು. 'ನಿಮ್ಮ ಪತ್ರ ಪೂರ್ತಿ ಓದಿದೆ. ಇಷ್ಟು ಅಚ್ಚುಕಟ್ಟಾಗಿ ಬರೆದದ್ದಕ್ಕೆ ನಾನೇ ನಿಮಗೆ ಧನ್ಯವಾದ ಹೇಳಬೇಕು. ಒಂದು ಪ್ರಶ್ನೆ. ನೀವು ಹನ್ನೊಂದು ಮಾತು ಬರೆದಿದ್ದೀರಿ. ಸ್ಕ್ರೀನ್‌ಶಾಟ್‌ನಲ್ಲಿ ಭಾಗದ ಹೆಸರಿನ ಪಕ್ಕ ಹನ್ನೆರಡು ಎಂದಿದೆ. ಮೊದಲ ಮೂರು ಮಾತುಗಳ ಪಕ್ಕ ದನಿಯ ಅಲೆಯ ಚಿತ್ರ ಮೂಡಿದೆ, ನಾಲ್ಕನೆಯದರ ಪಕ್ಕ ಮೂಡುವ ಮುಂಚೆ ಆ್ಯಪ್ ಮುಚ್ಚಿದೆ. ಆ ನಾಲ್ಕನೆಯದು ನಿಮ್ಮ ಪಟ್ಟಿಯಲ್ಲಿಲ್ಲ. ಅದರಲ್ಲಿ ಏನಿದೆ?'

ನಾಲ್ಕನೆಯದು ಯಾವುದೆಂದು ನನಗೆ ಗೊತ್ತಿತ್ತು. ಬೇಕೆಂದೇ ಬಿಟ್ಟಿದ್ದೆ.

ಅದರ ಮೇಲೆ ಬರೆದಿದ್ದದ್ದು 'ಇದಕ್ಕೆ ನಾನೇನೂ ಹೇಳಲ್ಲ'. ದೊಡ್ಡಮ್ಮ ಆಪರೇಷನ್‌ಗೆ ಎರಡು ದಿನ ಮುಂಚೆ ಮಾಡಿದ ಬಟನ್ ಅದು. ರೆಕಾರ್ಡ್ ಒತ್ತಿ, ಅದೇ ಉಸಿರಿಗೆ ನಿಲ್ಲಿಸು ಒತ್ತಿದ್ದಳು. ಒಳಗೆ ಒಂದು ಮಾತೂ ಇಲ್ಲ, ಸದ್ದೂ ಇಲ್ಲ, ಸೊನ್ನೆ ಸೆಕೆಂಡ್. ದೊಡ್ಡಪ್ಪ ಹೊಸ ಶರ್ಟ್ ಹಾಕಿಕೊಂಡು "ಹೇಗಿದೆ?" ಎಂದರೆ ಅವಳು ಗಂಭೀರವಾಗಿ ಫೋನ್ ಮೇಲೆತ್ತಿ ಅದನ್ನು ಒತ್ತುತ್ತಿದ್ದಳು. ಏನೂ ಕೇಳಿಸುತ್ತಿರಲಿಲ್ಲ. ದೊಡ್ಡಪ್ಪ "ಗೊತ್ತಾಯ್ತು ಬಿಡು" ಎಂದು ಶರ್ಟ್ ಬದಲಿಸುತ್ತಿದ್ದರು. ಆ್ಯಪ್ ಕೆಡುವ ಹಿಂದಿನ ಸಂಜೆಯೂ ಹಾಗೇ ಆಗಿತ್ತು. ರೆಕಾರ್ಡ್ ಮಾಡುವ ಮಾತೇ ಇಲ್ಲದ್ದರಿಂದ ಅದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಅದು ಕಂಡಾಗಲೂ, ಒಳಗೆ ಏನೂ ಇಲ್ಲದ್ದನ್ನು ಬರೆದು ದೊಡ್ಡವರ ಹೊತ್ತು ಯಾಕೆ ಹಾಳುಮಾಡಬೇಕು ಎಂದುಕೊಂಡಿದ್ದೆ.

ಹೇಳಿದಾಗ ದೊಡ್ಡಮ್ಮ ಹಲಗೆಯ ಮೇಲೆ ಬರೆದಳು: 'ಅದನ್ನೆಲ್ಲ ಆಫೀಸಿನವರಿಗೆ ಬರೀತೀಯಾ? ಏನಂದ್ಕೋತಾರೆ?'

ದೊಡ್ಡಪ್ಪ ಇಸ್ತ್ರಿ ಮೇಜಿನಿಂದಲೇ, "ಬರಿ ಬರಿ. ನನ್ನ ಶರ್ಟಿನ ವಿಷಯಾನೂ ಬರಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ ನಾನು ಅನುಭವಿಸಿದ್ದು" ಎಂದರು.

ಎಲ್ಲವನ್ನೂ ಬರೆದೆ, ಶರ್ಟ್ ಸಮೇತ. ಬಿಟ್ಟದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಈ ಸಲ ಉತ್ತರಕ್ಕೆ ಹದಿನೈದು ನಿಮಿಷವೂ ಬೇಕಾಗಲಿಲ್ಲ.

'ನಿಮ್ಮ ಪತ್ರ ಪೂರ್ತಿ ಓದಿದೆ. ಪಕ್ಕದ ಮೇಜಿನವರಿಗೂ ಓದಿ ಹೇಳಿದೆ. ಕ್ಷಮೆ ಬೇಡ, ಸಿಕ್ಕಿತು. ಹೊಸ ಆವೃತ್ತಿಯಲ್ಲಿ ಪ್ರತಿ ಮಾತಿನ ಪಕ್ಕ ಅಲೆಯ ಚಿತ್ರ ಬರೆಯುವಂತೆ ಮಾಡಿದ್ದೇವೆ. ಅದಕ್ಕೆ ದನಿಯ ಉದ್ದದಿಂದ ಭಾಗಿಸಬೇಕು. ಉದ್ದ ಸೊನ್ನೆಯಾದರೆ ಭಾಗಾಕಾರ ನಡೆಯುವುದಿಲ್ಲ, ಆ್ಯಪ್ ಅಲ್ಲೇ ಬಿದ್ದು ಮುಚ್ಚಿಹೋಗುತ್ತದೆ. ನಾನು ಈಗ ನನ್ನ ಫೋನಿನಲ್ಲಿ ರೆಕಾರ್ಡ್ ಒತ್ತಿ ಕೂಡಲೇ ನಿಲ್ಲಿಸಿದೆ. ನನ್ನದೂ ನಿಮ್ಮದರ ಹಾಗೆಯೇ ಬಿತ್ತು. ಇಂಜಿನಿಯರ್ ಈಗಲೇ ನೋಡುತ್ತಿದ್ದಾರೆ. ನಿಮ್ಮ ದೊಡ್ಡಮ್ಮನ ಯಾವ ಮಾತಿಗೂ ಏನೂ ಆಗಿರಲಿಕ್ಕಿಲ್ಲ. ಕಾಯುತ್ತೀರಾ?'

ಅವರ ಫೋನಿನಲ್ಲೂ ಆ್ಯಪ್ ಬಿದ್ದದ್ದಕ್ಕೆ ನನಗಾದ ಸಂತೋಷ ಹೇಳತೀರದು. ಎಲ್ಲೋ ಒಂದು ಮೇಜಿನ ಮುಂದೆ ಕೂತ, ಮುಖ ನೋಡದ ಒಬ್ಬರು ನಮ್ಮ ಮಾತನ್ನು ನಂಬಿ, ನಾವು ಮಾಡಿದ್ದನ್ನೇ ಮಾಡಿ ನೋಡಿದ್ದರು.

ಕಾದೆವು. ಎರಡು ದಿನ. 'ಆಗಿರಲಿಕ್ಕಿಲ್ಲ' ಎಂಬ ಪದವನ್ನು ದೊಡ್ಡಮ್ಮ ಎಷ್ಟು ಸಲ ನನ್ನಿಂದ ಓದಿಸಿದಳೋ. 'ಆಗಿಲ್ಲ ಅಂತ ಯಾಕೆ ಬರೆದಿಲ್ಲ?' ಎಂದು ಹಲಗೆಯಲ್ಲಿ ಕೇಳಿದಳು. "ನೋಡ್ದೇ ಹೇಗೆ ಹೇಳ್ತಾರೆ? ನೀನೇ ಅಲ್ವಾ, ಕಲೆ ಹೋಗುತ್ತೆ ಅಂತ ಒಗೆಯೋ ಮುಂಚೆ ಯಾರಿಗೂ ಮಾತು ಕೊಡಲ್ಲ ಅನ್ನೋಳು" ಎಂದೆ. ಅವಳು ನನ್ನನ್ನು ನೋಡಿ ಹುಬ್ಬೇರಿಸಿದಳು. ನಾನು ಅಷ್ಟು ಉದ್ದ ಮಾತಾಡಿದ್ದು ನನಗೂ ಆಗಲೇ ಗೊತ್ತಾದದ್ದು.

ಆ ಎರಡು ದಿನ ಕೌಂಟರ್‌ನಲ್ಲಿ ನಾನೇ ನಿಂತೆ. "ನಾಳೆ ಸಂಜೆ ಬನ್ನಿ" ಎಂದು ನೆಲ ನೋಡಿಕೊಂಡು ಹೇಳಿದೆ. ಮೊಬೈಲ್ ಅಂಗಡಿಯವನು ದಿನಕ್ಕೆರಡು ಸಲ ಬಂದು "ಏನಾಯ್ತು? ಬಂತಾ?" ಎಂದು ಕೇಳಿ ಹೋಗುತ್ತಿದ್ದ. ನೆರವಿನವರ ಮೊದಲ ಪತ್ರವನ್ನು ಅವನಿಗೆ ತೋರಿಸಿದ್ದೆ. ಅದನ್ನು ಓದಿದ ಮೇಲೆ ಅವನ ಮುಖ ಇಳಿದಿತ್ತು. "ಅವತ್ತು ನನ್ನ ಬೆರಳು ಅದರ ಮೇಲೇ ಇತ್ತು ಕಣಮ್ಮ" ಎಂದಿದ್ದ.

ಮೂರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಪತ್ರದ ಜೊತೆ ಒಂದು ಲಿಂಕ್ ಬಂತು. ಎಲ್ಲರಿಗೂ ಬಿಡುವ ಮುಂಚೆ ಪರೀಕ್ಷೆಗೆಂದು ಕೊಡುವ ಆವೃತ್ತಿ ಅದು, 6.1.1. 'ಹಳೆಯದನ್ನು ತೆಗೆಯಬೇಡಿ. ಲಿಂಕ್ ಒತ್ತಿ, ಪರೀಕ್ಷೆಗೆ ಸೇರಿ, ಆಮೇಲೆ ಅಪ್‌ಡೇಟ್ ಎಂಬುದನ್ನು ಮಾತ್ರ ಒತ್ತಿ. ಹಳೆಯದರ ಮೇಲೆಯೇ ಕೂರುತ್ತದೆ. ತೆರೆದ ಕೂಡಲೇ ಪ್ರತಿ ತೆಗೆದಿಡಿ.'

ದೊಡ್ಡಪ್ಪ ಎರಡೂ ಮೆಷಿನ್ ನಿಲ್ಲಿಸಿದರು. ಅಪ್‌ಡೇಟ್ ಒತ್ತಿದೆ. ಸಣ್ಣ ವೃತ್ತ ನಿಧಾನವಾಗಿ ತುಂಬಿತು. ಆ್ಯಪ್‌ನ ಚಿತ್ರ ಒತ್ತಲು ನನಗೆ ಧೈರ್ಯ ಬರಲಿಲ್ಲ, ಫೋನನ್ನು ದೊಡ್ಡಮ್ಮನಿಗೆ ಕೊಟ್ಟೆ. ಅವಳು ಒತ್ತಿದಳು. ಪಟ್ಟಿ ಬಂತು. ಒಂದರ ಕೆಳಗೊಂದು ಅಲೆಗಳು ಮೂಡಿದವು. ನಾಲ್ಕನೆಯದರ ಪಕ್ಕ ಒಂದು ನೇರ ಗೆರೆ ಬಂತು. ಐದನೆಯದಕ್ಕೆ ಮತ್ತೆ ಅಲೆ. ಪಟ್ಟಿ ನಿಂತಿತು.

ಮನೆ ಭಾಗಕ್ಕೆ ಹೋಗಿ ದೊಡ್ಡಮ್ಮ ಒಂದನ್ನು ಒತ್ತಿದಳು.

"ರೀ, ಇಸ್ತ್ರಿ ಆಫ್ ಮಾಡಿದ್ರಾ?"

ದೊಡ್ಡಪ್ಪ "ಮಾಡಿದೀನಿ ಮಾರಾಯ್ತಿ, ಮಾಡಿದೀನಿ" ಎಂದು, ಇಸ್ತ್ರಿಯ ಕಡೆ ತಿರುಗಿ, ಬಹಳ ಹೊತ್ತು ಅದರ ವೈರನ್ನು ಸುತ್ತುತ್ತ ನಿಂತರು.

ಬೇರೇನನ್ನೂ ಮುಟ್ಟದೆ ಮೊದಲು ಪ್ರತಿ ತೆಗೆದೆವು. ಅದನ್ನು ಮೊಬೈಲ್ ಅಂಗಡಿಯವನ ಬಳಿ ಒಯ್ದಾಗ ಅವನು ಎರಡು ಮೆಮೊರಿ ಕಾರ್ಡಿಗೂ ತನ್ನ ಕಂಪ್ಯೂಟರಿಗೂ ಹಾಕಿಕೊಟ್ಟ. ಒಂದು ಕಾರ್ಡ್ ದೊಡ್ಡಪ್ಪನ ಕನ್ನಡಕದ ಡಬ್ಬಿಯಲ್ಲಿದೆ, ಇನ್ನೊಂದು ನನ್ನ ಹತ್ತಿರ. ನೋಟ್‌ಬುಕ್ ಹಿಡಿದುಕೊಂಡು ಇನ್ನೂರ ಹನ್ನೆರಡನ್ನೂ ಒಂದೊಂದಾಗಿ ಒತ್ತಿ ಕೇಳಿದೆವು. ಎಲ್ಲವೂ ಇದ್ದವು, ನೀರಿನ ಸದ್ದಿನ ಸಮೇತ.

ಆಮೇಲೆ ಧನ್ಯವಾದದ ಪತ್ರ ಬರೆಯಲು ಕೂತೆ. 'ನೀವು ಮೊದಲ ದಿನ ಅನ್‌ಇನ್‌ಸ್ಟಾಲ್ ಮಾಡಬೇಡಿ ಎಂದು ಬರೆಯದಿದ್ದರೆ ನಾವು ಸೋತು ಮಾಡಿಬಿಡುತ್ತಿದ್ದೆವು. ನೀವು ಹನ್ನೊಂದನ್ನೂ ಹನ್ನೆರಡನ್ನೂ ಎಣಿಸದಿದ್ದರೆ ಇದು ಸಿಗುತ್ತಿರಲಿಲ್ಲ' ಎಂದು ಬರೆದೆ. ಇನ್ನೇನು ಬರೆಯಲಿ ಎಂದು ದೊಡ್ಡಮ್ಮನನ್ನು ಕೇಳಿದೆ. ಅವಳು ಆ್ಯಪ್‌ನಲ್ಲಿ ಹುಡುಕಿದಳು. ಮನೆ, ಅಂಗಡಿ, ಆಸ್ಪತ್ರೆ, ಎಲ್ಲಿಯೂ ಈ ಹೊತ್ತಿಗೆ ಸರಿಹೊಂದುವ ಮಾತು ಸಿಗಲಿಲ್ಲ. ಇಷ್ಟು ದೂರದವರಿಗೂ ಏನಾದರೂ ಹೇಳಬೇಕಾದೀತೆಂದು ಅವಳು ಅಂದುಕೊಂಡಿರಲೇ ಇಲ್ಲ. ಕೊನೆಗೆ ಹಲಗೆ ತೆಗೆದುಕೊಂಡು ಬರೆದಳು: 'ಅವರ ಊಟ ಆಯ್ತಾ ಕೇಳು.'

"ದೊಡ್ಡಮ್ಮ, ಅದು ಆಫೀಸು" ಎಂದೆ.

ಅವಳು ಹಲಗೆಯನ್ನು ಇನ್ನಷ್ಟು ಹತ್ತಿರ ಹಿಡಿದಳು. ಹಾಗೇ ಬರೆದು ಕಳಿಸಿದೆ. ಗಡಿಯಾರದಲ್ಲಿ ಮೂರು ಗಂಟೆ ದಾಟಿತ್ತು. ಎಂಟು ನಿಮಿಷಕ್ಕೆ ಉತ್ತರ ಬಂತು.

'ನಿಮ್ಮ ಪತ್ರ ಪೂರ್ತಿ ಓದಿದೆ. ಇನ್ನೂ ಆಗಿಲ್ಲ. ಈಗ ಊಟಕ್ಕೆ ಏಳುತ್ತಿದ್ದೇನೆ ಎಂದು ದೊಡ್ಡಮ್ಮನಿಗೆ ಹೇಳಿ.'